ಹೋಗಿ ಬರ್ಲೇನವಾ?

ಹೋದ ತಿಂಗಳು ನಮ್ಮ ಅಕ್ಕನ ಮಗಳು ಇಂಗ್ಲಂಡಿನಿಂದ ಫೋನ್ ಮಾಡಿದ್ಲು. ಅಕಿ ಹುಟ್ಟಿದ್ದು, ಬೆಳೆದದ್ದು ಎಲ್ಲಾ ಅಲ್ಲೇ. ಕನ್ನಡ ಕಿವಿಗೆ ತಿಳೀತದ, ಬಾಯಿಗೆ ಬರೂದಿಲ್ಲ. ತನ್ನ ಮಕ್ಕಳಿಗೆ ಇರ್ಲಿ ಅಂತ ಮನಿತನದ ಫೋಟೋ ಎಲ್ಲಾ ಕೂಡಿಸಿ ಒಂದು ಪುಸ್ತಕ ಮಾಡ್ಲಿಕ್ಕೆ ಹತ್ಯಾಳ. ಒಂದೊಂದು ಫೋಟೋದ ಕೆಳಗ ನಾಕು ಸಾಲು ಇಂಗ್ಲಿಷ್‌ನ್ಯಾಗ. ಅಜ್ಜಿ ಫೋಟೋಕ್ಕ ಬಂದಾಗ ಕೇಳಿದ್ಲು, "ಮೌಶಿ, ಅಜ್ಜಿ ಕಡೀಗೆ ಏನಂದ್ಲು? ನೀ ಅಲ್ಲೇ ಇದ್ದಿ ಅಲ್ಲಾ?"

ಇದ್ದೆ. ಆಪರೇಶನ್ನಿಗೆ ಒಳಗ ಒಯ್ಯೂ ಮುಂದ ಬಾಗಲದ ತನಕಾ ಗಾಡಿ ಹಿಡಕೊಂಡು ಹೋದಾಕಿ ನಾನೇ. ಅವ್ವ ನನ್ನ ಕಡೆ ಹೊಳ್ಳಿ ನೋಡಿ, "ಹೋಗಿ ಬರ್ಲೇನವಾ?" ಅಂದ್ಲು. ನಾ "ಹೋಗಿ ಬಾ ಅವ್ವಾ" ಅಂದೆ. ಬಾಗಲಾ ಹಾಕಿದ್ರು. ಅಷ್ಟ.

ಇದನ್ನ ಅಕಿಗೆ ಹೆಂಗ ಹೇಳ್ಬೇಕು? ಬಾಯಿಗೆ ಬಂದಂಗ "ಶಾಲ್ ಐ ಗೋ ಅಂಡ್ ಕಮ್" ಅಂತ ಹೇಳಿಬಿಟ್ಟೆ. ಆ ಕಡಿಂದ ಒಂದು ಗಳಿಗಿ ಸುದ್ದಿ ಇಲ್ಲ. ಆಮ್ಯಾಲೆ ಸಣ್ಣ ದನಿಲೇ ಕೇಳಿದ್ಲು, "ಅಂದ್ರ ಅಜ್ಜಿಗೆ ಗೊತ್ತಿರಲಿಲ್ಲೇನು? ಅಷ್ಟು ಸೀರಿಯಸ್ ಅದ ಅಂತ ಯಾರೂ ಹೇಳಿರಲಿಲ್ಲೇನು?"

ಎಲ್ಲಾ ಹೇಳಿದ್ರು. ಅವ್ವಗ ಎಲ್ಲಾ ಗೊತ್ತಿತ್ತು. ಆದ್ರ ನನ್ನ ಇಂಗ್ಲಿಷು ಅಕಿನ್ನ ಏನೂ ತಿಳೀದ ಹೆಣಮಗಳನ್ನ ಮಾಡಿಬಿಟ್ಟಿತ್ತು. ಅವತ್ತಿಂದ ಈ ಮಾತು ತಲ್ಯಾಗ ಕೂತದ. ದಿನಾ ಹತ್ತು ಸರ್ತಿ ಅನ್ನೂ ಮಾತು, ಕುಂಕುಮ ಹಚ್ಚಿಸಿಕೊಂಡು ಎದ್ದಾಗ ಅನ್ನೂ ಮಾತು, ಅದರಾಗ ನಾವು ಏನು ಹೇಳ್ತೇವಿ, ಇಂಗ್ಲಿಷ್‌ನ್ಯಾಗ ಅದು ಎಲ್ಲಿ ಕೆಡ್ತದ ಅಂತ ಕೂತು ಬರದೀನಿ.

ಮೊದಲು ನಮ್ಮ ಮಾತನ್ನೇ ಬಿಡಿಸಿ ನೋಡೋಣು. "ಊಟಾ ಮಾಡಿ ಮಲಗಿದೆ", "ನೀರು ತಂದು ಇಟ್ಟೆ", "ಹೋಗಿ ಬರ್ತೇನಿ". ಕನ್ನಡದಾಗ ಎರಡು ಕೆಲಸಾ ಒಂದರ ಬೆನ್ನಿಗೊಂದು ಬಂದ್ರ ಮೊದಲಿಂದು ಅರ್ಧಾ ಆಗಿ ನಿಲ್ತದ. "ಹೋಗಿ" ಅನ್ನೂದರಾಗ ಯಾರು ಅನ್ನೂದಿಲ್ಲ, ಯಾವಾಗ ಅನ್ನೂದಿಲ್ಲ. ನಾನೋ ನೀನೋ, ನಿನ್ನೇನೋ ನಾಳೇನೋ, ಎಲ್ಲಾ ಕಡೀ ಮಾತಿನ್ಯಾಗ ಕಟ್ಟಿರ್ತದ. ಅಂದ್ರ "ಹೋಗಿ ಬರ್ತೇನಿ" ಅಂದಾಗ ನಾ ನಿಮಗ ಹೇಳೂ ಸುದ್ದಿ ಬರೂದರದ್ದು. ಹೋಗೂದು ಅದಕ್ಕ ದಾರಿ ಅಷ್ಟ. ಬೇಕಾದ್ರ ಪರೀಕ್ಷಾ ಮಾಡ್ರಿ: "ಹೋಗಿ" ಬಿಟ್ಟು ಬರೇ "ಬರ್ತೇನ್ರಿ" ಅಂದ್ರೂ ನಡೀತದ, ನಾವು ಅರ್ಧಕ್ಕರ್ಧ ಹಂಗ ಅಂತೇವಿ. "ಬರ್ತೇನಿ" ಬಿಟ್ಟು ಬರೇ "ಹೋಗ್ತೇನ್ರಿ" ಅಂದು ನೋಡ್ರಿ, ಅತ್ತಿಯವರು ಅಡಿಗಿಮನ್ಯಾಗಿಂದ ಹೊರಗ ಬರ್ತಾರ.

ಯಾಕಂದ್ರ ಒಂಟಿ "ಹೋಗು" ನಮ್ಮಲ್ಲಿ ಸತ್ತವರ ಮಾತು. "ಅವರು ಹೋದ್ರಂತ" ಅಂದ್ರ ಎಲ್ಲಿಗೆ ಅಂತ ಯಾರೂ ಕೇಳೂದಿಲ್ಲ. ಇನ್ನ ಸಿಟ್ಟು ಮಾಡಿಕೊಂಡು ಟ್ರಂಕು ತುಂಬೂ ಸೊಸಿ "ನಾ ಹೋಗ್ತೇನಿ" ಅಂತಾಳ, ಬರ್ತೇನಿ ಅನ್ನೂದಿಲ್ಲ. ನಾವು ಸಣ್ಣವರಿದ್ದಾಗ ಸಾಲಿಗೆ ಹೊಂಟು ಅವಸರದಾಗ "ಹೋಗ್ತೇನಬೇ" ಅಂದ್ರ ಅಜ್ಜಿ ತಡದು ನಿಲ್ಲಸ್ತಿದ್ಲು. "ಬಿಡ್ತು ಅನ್ನು. ಬರ್ತೇನಿ ಅನ್ನು." ಅನ್ನಿಸಿಯೇ ಬಿಡ್ತಿದ್ಲು, ಗಂಟಿ ಹೊಡದ್ರೂ ಸೈ. ಇದೇ ಅಜ್ಜಿ ದೀಪ ಆರಸು ಅಂತಿರಲಿಲ್ಲ, ಶಾಂತ ಮಾಡು ಅಂತಿದ್ಲು. ಹೊಂಟವರಿಗೆ "ಎಲ್ಲಿಗೆ" ಅಂತ ಕೇಳಗೊಡ್ತಿರಲಿಲ್ಲ, "ದೂರ ಹೊಂಟೀರೇನು" ಅಂತ ಕೇಳ್ಬೇಕು. ಬಾಯಿಂದ ಬಿದ್ದದ್ದು ಆಗಿಬಿಡ್ತದ ಅನ್ನೂ ಅಂಜಿಕಿ ಇವೆಲ್ಲಾದರ ಹಿಂದ ಅದ.

ಆ ಅಂಜಿಕಿ ಸುಮ್ಮನ ಬಂದದ್ದಲ್ಲ. ಸದರ್ನ್ ಮರಾಠಾ ರೈಲ್ವೆ ನಮ್ಮ ಹುಬ್ಬಳ್ಳಿ, ಧಾರವಾಡದ ಕಡೆ ಬಂದದ್ದು 1880ರ ದಶಕದಾಗ. ಅದಕ್ಕ ಮೊದಲು ಚಕ್ಕಡಿ, ಇಲ್ಲಂದ್ರ ಕಾಲು. ಕಾಶಿಗೆ ಹೊಂಟವರು ಮನಿ ಮಾರು ಎಲ್ಲಾ ಹಂಚಿಕೊಟ್ಟು ಹೋಗ್ತಿದ್ರು. ರೈಲು ಬಂದ ಮ್ಯಾಲೆ ಪ್ಲೇಗೂ ಬಂತು, 1898ರಾಗ ಹುಬ್ಬಳ್ಳಿ ಮಂದಿ ಭಾಳ ನರಳಿದ್ರು. ಊರಿಗೆ ಊರೇ ಹೊರಗ ಗುಡಿಸಲಾ ಹಾಕಿಕೊಂಡು ಕೂತ ಕತಿ ನಮ್ಮ ಮನ್ಯಾಗ ಮುತ್ತಜ್ಜಿ ಕಾಲದಿಂದ ಬಂದದ. ಲಗ್ನಾ ಆಗಿ ಹೋದ ಹೆಣಮಗಳು ನಾಗರ ಪಂಚಮಿಗೆ ಅಣ್ಣ ಕರೀಲಿಕ್ಕೆ ಬಂದ್ರ ತವರು ನೋಡ್ತಿದ್ಲು, ಬರದಿದ್ರ ಇನ್ನೊಂದು ವರ್ಷ. ಹಂಥಾ ಕಾಲದಾಗ ಬರೂದು ಅನ್ನೂದು ಖಾತ್ರಿ ಇರಲಿಲ್ಲ. ಅದಕ್ಕ ಅದನ್ನ ಬಾಯಿಲೇ ಹೇಳಿ ಇಡ್ತಿದ್ರು.

ಹಂಗಂತ ಇದು ನಮ್ಮ ಒಬ್ಬರದೇ ಅಂತ ತಿಳಕೋಬ್ಯಾಡ್ರಿ. ನಮ್ಮ ಓಣ್ಯಾಗಿನ ಮರಾಠಿ ವೈನಿ "ಯೇತೇ" ಅಂದು ಎದ್ದು ಹೋಗ್ತಾರ, ಅವರ ಯಜಮಾನರು "ಯೇತೋ" ಅಂತಾರ. ಬರ್ತೇನಿ ಅಂತನ ಅರ್ಥ. ತಮಿಳರು "ಪೋಯಿಟ್ಟು ವರೇನ್" ಅಂತಾರ. ಇದನ್ನ ಸ್ವಲ್ಪ ಕಿವಿಗೊಟ್ಟು ಕೇಳ್ರಿ, ನಮ್ಮ ಮಾತೇ ಅದು. ಹಳಗನ್ನಡದಾಗ ನಮ್ಮ "ಹೋಗು" ಕೂಡ "ಪೋಗು" ಇತ್ತು, ಆಮ್ಯಾಲೆ ಪಕಾರ ಹಕಾರ ಆತು. ಹಾಲು ಮೊದಲು ಪಾಲು ಇದ್ದಂಗ. ಅವರ "ವರು", ನಮ್ಮ "ಬರು" ಅಕ್ಕ-ತಂಗ್ಯಾರು. ತೆಲುಗಿನವರದು "ವೆಳ್ಳೊಸ್ತಾನು". ಅಲ್ಲಿ ಹೋಗೂ ಪದಾನೇ ಬ್ಯಾರೆ, ಆದ್ರ ಜೋಡಿಸೂ ರೀತಿ ಅದೇ. ದೂರದ ಬಂಗಾಲಿಯವರೂ "ಆಶಿ" ಅಂತಾರ, ಬರ್ತೇನಿ ಅಂತ. ಭಾಷಾ ಬ್ಯಾರೆ ಬ್ಯಾರೆ, ಮನತನ ಬ್ಯಾರೆ ಬ್ಯಾರೆ, ಆದ್ರ ಹೊಸ್ತಿಲದ ಮ್ಯಾಲೆ ಎಲ್ಲಾರೂ ಅದನ್ನೇ ಅಂತಾರ. ದೇವರಿಗೂ ನಾವು ಹಂಗ ಮಾಡ್ತೇವಿ. ಗಣಪತಿ ಕಳಸೂ ಮುಂದ ಭಟ್ಟರು ಹೇಳೂ ಮಂತ್ರದಾಗ "ಪುನರಾಗಮನ" ಅನ್ನೂ ಮಾತು ಬರ್ತದ, ಅಂದ್ರ ತಿರುಗಿ ಬರೂದಕ್ಕ ಹೋಗು ಅಂತ. ಹುಡುಗೂರು ಬಾವಿ ಹತ್ರ ನಿಂತು ಮುಂದಿನ ವರ್ಷ ಲಗೂ ಬಾ ಅಂತ ಒದರ್ತಾವ. "ವಿದಾಯ" ಅನ್ನೂ ಪದ ನಮ್ಮಲ್ಲಿ ಅದ ಖರೇ, ಅದು ಹಿಂದಿ ಕಡಿಂದ ಬಂದದ್ದು. ರಿಟಾಯರ್ ಆದವರಿಗೆ ಹಾರ ಹಾಕೂ ಕಾರ್ಯಕ್ರಮದ ಪದ ಅದು. ಬಾಗಲದಾಗ ನಿಂತು "ವಿದಾಯ ರೀ" ಅಂದವರನ್ನ ನಾ ಇನ್ನೂ ನೋಡಿಲ್ಲ.

ನಮ್ಮದರಾಗ ಇನ್ನೊಂದು ಸೂಕ್ಷ್ಮ ಅದ, ಅದು ನನಗೂ ಇತ್ತೀಚಿಗೆ ಹೊಳದದ್ದು. ಇದು ಒಬ್ಬರು ಆಡಿ ಮುಗಸೂ ಮಾತಲ್ಲ. ಹೊಂಟವರು "ಬರ್ಲೇನು?" ಅಂತ ಕೇಳ್ತಾರ, ಇದ್ದವರು "ಹೋಗಿ ಬಾ", "ಹೋಗಿ ಬರ್ರಿ" ಅಂತ ಕೊಡ್ತಾರ. ಕೇಳೂದು ಒಂದು, ಕೊಡೂದು ಒಂದು. ಹೊಂಟವರು ಅಪ್ಪಣಿ ಕೇಳ್ತಾರ, ಇದ್ದವರು ಅಪ್ಪಣಿ ಜೋಡಿ ಬರ್ಲಿಕ್ಕೆ ಕರೇನೂ ಕೊಟ್ಟು ಕಳಸ್ತಾರ. ನಮ್ಮ ಮನ್ಯಾಗ ಮಗಳು ಹೊಂಟಾಗ ಉಡಿ ತುಂಬ್ತೇವಿ, ಅಕ್ಕಿ, ಕೊಬ್ಬರಿ ಬಟ್ಟಲಾ, ಎಲಿ ಅಡಿಕಿ, ಕುಬಸದ ಖಣ. ಮಗಳು ಆ ಅಕ್ಕಿಯೊಳಗ ಒಂದು ಹಿಡಿ ತಗದು ದೇವರ ಮುಂದ ತಿರುಗಿ ಇಟ್ಟು ಹೋಗ್ತಾಳ. ಪೂರ್ತಿ ಒಯ್ದಿಲ್ಲ, ಇಲ್ಲಿ ನಂದೂ ಸ್ವಲ್ಪ ಅದ ಅಂತ. "ಬರ್ತೇನಿ" ಅನ್ನೂ ಮಾತೂ ಹಂಥಾ ಒಂದು ಹಿಡಿ ಅಕ್ಕಿ.

ಇದಕ್ಕ ಸತ್ತವರ ಮನ್ಯಾಗ ಈ ಮಾತು ಬಾಯಿ ಕಟ್ಟತದ. ಮಾತಾಡಿಸಲಿಕ್ಕೆ ಹೋದವರು ಏಳೂ ಮುಂದ ಬರ್ತೇನಿ ಅನಬಾರದು, ಇಂಥಾದ್ದಕ್ಕ ಮತ್ತ ಬರೂ ಹಂಗ ಆಗಬಾರದು. ಸುಮ್ಮನ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊಂಟುಬಿಡ್ತೇವಿ. ಮನಿಯವರೂ ಬರ್ರಿ ಅನ್ನೂದಿಲ್ಲ. ನನ್ನ ತಮ್ಮನ ಹೆಂಡ್ತಿ ಬೆಂಗಳೂರಿನಾಕಿ, ಲಗ್ನಾದ ಹೊಸದಾಗ ಹಂಥಾ ಒಂದು ಮನ್ಯಾಗ ರೂಢಿ ಮ್ಯಾಲೆ "ಬರ್ತೀವಿ" ಅಂದು ನಾಲಿಗಿ ಕಚ್ಚಿಕೊಂಡಿದ್ಲು. ಅವರಲ್ಲೂ ಅದೇ ಪದ್ಧತಿ ಅದ, ಬಾಯಿ ಮುಂದ ಓಡಿತು ಅಷ್ಟ.

ಈಗ ಇಂಗ್ಲಿಷಿನ ಕಡೆ ಬರೋಣು. ಗುಡ್ ಬೈ ಅಂದ್ರ ಏನೋ ಖಡಕ್ಕಾಗಿ ಕಡದು ಹಾಕೂ ಮಾತು ಅಂತ ನಾವು ತಿಳದೇವಿ, ಆದ್ರ ಅದು ಹುಟ್ಟಿದ್ದು ಆಶೀರ್ವಾದದಿಂದ. "ಗಾಡ್ ಬಿ ವಿತ್ ಯೀ", ದೇವರು ನಿಮ್ಮ ಜೋಡಿ ಇರ್ಲಿ. ದಿನಾ ಆಡಿ ಆಡಿ ಅದು ಕುಗ್ಗಿತು. 1573ರಾಗ ಗೇಬ್ರಿಯಲ್ ಹಾರ್ವಿ ಅನ್ನೂ ಕೇಂಬ್ರಿಜ್ ಪಂಡಿತ ಬರೆದ ಒಂದು ಪತ್ರದಾಗ ಅದು ಆಗಲೇ ಒಂದೇ ಪದ ಆಗಿ "ಗಾಡ್‌ಬ್ವೈ" ಅನ್ನೂ ಹಂಗ ಕಾಣ್ತದ. ಆಮ್ಯಾಲೆ ಗುಡ್ ಡೇ, ಗುಡ್ ಈವ್ನಿಂಗ್ ಜೋಡಿ ಇದ್ದು ಇದ್ದು ಗಾಡ್ ಹೋಗಿ ಗುಡ್ ಬಂದು ಕೂತಿತು. ದೇವರು ಎದ್ದು ಹೋದದ್ದು ಅವರಿಗೇ ಗೊತ್ತಾಗಲಿಲ್ಲ! ಫೇರ್‌ವೆಲ್‌ನ್ಯಾಗ ಇರೂ ಫೇರ್ ಅಂದ್ರ ಪ್ರಯಾಣ ಮಾಡು ಅಂತ, ನಾವು ಬಸ್ಸಿಗೆ ಕೊಡೂ ಫೇರ್ ಅದೇ ಪದ. ಛಲೋತ್ನ್ಯಾಗಿ ಪ್ರಯಾಣ ಮಾಡು ಅಂತ ಹರಸಿದ್ದು ಅದು. ಅಂದ್ರ ಅವರದೂ ಒಂದು ಕಾಲಕ್ಕ ಹರಕಿಯ ಮಾತೇ. ನಮ್ಮದು ಇನ್ನೂ ಅರ್ಥ ಬಿಚ್ಚಿಕೊಂಡು ಕಾಣ್ತದ, ಅವರದು ಸವದು ಕಾಣದಂಗ ಆಗೇದ, ಇಷ್ಟ ಫರಕು.

ಅದಕ್ಕ ಪದಕ್ಕ ಪದ ಇಟ್ರ ಕೆಡ್ತದ. ನಮ್ಮ ಸವಕಲು ಮಾತು ಅಲ್ಲಿ ಹೊಸಾ ಪಾತ್ರಿ ಹಂಗ ಫಳ ಫಳ ಹೊಳದು, ಕೇಳಿದವರು ಅದನ್ನ ಖರೇನ ಅಂತ ತಿಳೀತಾರ. ನಮ್ಮ ಅಕ್ಕ ಇಂಗ್ಲಂಡಿಗೆ ಹೋದ ಹೊಸದಾಗ ಬಾಜೂ ಮನಿ ಮುದುಕಿಯವರ ಕಡೆ ಚಹಾಕ್ಕ ಹೋಗಿದ್ಲಂತ. ಏಳೂ ಮುಂದ ಭಾಳ ವಿನಯದಿಂದ "ಐ ವಿಲ್ ಗೋ ಅಂಡ್ ಕಮ್" ಅಂದು ಮನಿಗೆ ಬಂದು ಅಡಿಗಿಗೆ ಹತ್ತಿದ್ಲು. ಆ ಮುದುಕಿ ಪಾಪ, ಇಕಿ ಏನೋ ತರಲಿಕ್ಕೆ ಹೋಗ್ಯಾಳ, ಈಗ ಬರ್ತಾಳ ಅಂತ ಕೆಟಲಿ ಮತ್ತ ಒಲಿ ಮ್ಯಾಲೆ ಇಟ್ಟು ಕಾದಳು. ಅರ್ಧಾ ತಾಸು ಆದ ಮ್ಯಾಲೆ ಏನಾತೋ ಅಂತ ಬಂದು ಬಾಗಲಾ ಬಡದ್ಲು. ಇಕಿ ಕೈಯಾಗ ಚಪಾತಿ ಹಿಟ್ಟು. ಇಬ್ಬರಿಗೂ ನಾಚಿಕಿ. ಬರೇ "ಐ ಆಮ್ ಕಮಿಂಗ್" ಅಂದ್ರ ಇನ್ನೂ ಫಜೀತಿ. ನಾವು ಬಾಗಲದ ಹೊರಗ ಕಾಲಿಡ್ಲಿಕ್ಕೆ ಹತ್ತೇವಿ, ಬಾಯಿಲೇ ಇತ್ತ ಬರ್ಲಿಕ್ಕೆ ಹತ್ತೇವಿ ಅಂತೇವಿ. ನಮ್ಮ ದೇಶದವರ ನಡುವ ಇಂಗ್ಲಿಷ್ ಆಡೂ ಮುಂದ ಇದು ನಡೀತದ, ಮದ್ರಾಸಿನವರಿಗೂ ಹೈದರಾಬಾದಿನವರಿಗೂ ತಿಳೀತದ, ಅಲ್ಲಿ ತಿದ್ದೂ ಅಗತ್ಯ ಇಲ್ಲ. ಹೊರಗಿನವರ ಮುಂದಷ್ಟ ತ್ರಾಸು.

ಹಂಗಾರ ಏನನಬೇಕು? ನಾ ಕಂಡುಕೊಂಡದ್ದು ಇಷ್ಟು: ಮಾತು ಬಿಟ್ಟು, ಆ ಗಳಿಗ್ಯಾಗ ನಾವು ಏನು ಮಾಡ್ಲಿಕ್ಕೆ ಹತ್ತೇವಿ ಅದನ್ನ ನೋಡ್ಬೇಕು. ಖರೇನ ಹತ್ತು ಮಿನಿಟಿನ್ಯಾಗ ಬರೂದಿದ್ರ, ಕಾಯಿಪಲ್ಯಾ ತರಲಿಕ್ಕೆ ಹೊಂಟಿದ್ರ, "ಬ್ಯಾಕ್ ಇನ್ ಟೆನ್ ಮಿನಿಟ್ಸ್". ಇಲ್ಲಿ ಬರೂದು ಖರೇ ಇರ್ತದ, ಅದಕ್ಕ ಬ್ಯಾಕ್ ಬೇಕು. ಮಂದಿ ಮನಿಗೆ ಹೋಗಿ ಏಳೂದಿದ್ರ ಅಲ್ಲಿ "ಬರ್ಲೇನು" ಅನ್ನೂದು ಅಪ್ಪಣಿ ಕೇಳೂದು. ಇಂಗ್ಲಿಷಿನವರೂ ಸೀದಾ ಬೈ ಅಂದು ಏಳೂದಿಲ್ಲ. ಶೆಗ್ಲಾಫ್ ಮತ್ತ ಸ್ಯಾಕ್ಸ್ ಅಂತ ಇಬ್ಬರು ಅಮೆರಿಕದ ಸಮಾಜಶಾಸ್ತ್ರದವರು ಫೋನಿನ ಮಾತುಕತಿ ಕೂತು ಕೇಳಿ, ಮಂದಿ ಮಾತು ಹೆಂಗ ಮುಗಸ್ತಾರ ಅಂತ 1973ರಾಗ ಬರದಾರ. ಬೈ ಬರೂಕಿಂತ ಮೊದಲು ಇಬ್ಬರೂ "ವೆಲ್", "ಓಕೆ" ಅಂತ ಒಂದಿಷ್ಟು ಮೆಟ್ಟಲಾ ಇಳೀತಾರ, ಇನ್ನೇನರ ಹೇಳೂದಿದ್ರ ಹೇಳು ಅಂತ ಎದುರಿನವರಿಗೆ ಎಡಿ ಕೊಡ್ತಾರ ಅಂತ. ನಮ್ಮ "ಬರ್ಲೇನು" ಆ ಮೆಟ್ಟಲಾ. ಅದಕ್ಕ "ವೆಲ್, ಐ ಶುಡ್ ಬಿ ಗೋಯಿಂಗ್" ಅನ್ನೂದು ಅದರ ಜಾಗಾದಾಗ ಸರಿಯಾಗಿ ಕೂಡ್ತದ. ಇಲ್ಲಿ ಗೋಯಿಂಗ್ ಅಂದ್ರ ಅವರಿಗೆ ಅಪಶಕುನ ಏನಿಲ್ಲ, ನಾವು ಅಂಜೂ ಕಾರಣ ಇಲ್ಲ. ಕಡೀಗೆ ಬಾಗಲದಾಗ "ಬೈ, ಸೀ ಯು ಸೂನ್". ನೋಡ್ರಿ, ಬರೂದು ಹೋಗಿ ನೋಡೂದು ಬಂತು. ಫ್ರೆಂಚರ "ಓ ರೆವ್ವಾ" ಕೂಡ ಮತ್ತ ನೋಡೂತನಕ ಅಂತನ ಅರ್ಥ. ಪೂರ್ತಿ "ಗುಡ್ ಬೈ" ಸ್ವಲ್ಪ ಭಾರ ಬೀಳ್ತದ, ದಿನದ ಮಾತಿಗೆ "ಬೈ" ಸಾಕು.

ಕಳಸೂ ಕಡಿಯವರದು ಇನ್ನೂ ನಾಜೂಕು. "ಹೋಗಿ ಬಾ" ಅನ್ನೂದನ್ನ "ಗೋ ಅಂಡ್ ಕಮ್" ಅಂದ್ರ ಎತ್ತಿಗೆ ಹೇಳಿದಂಗ ಆಗ್ತದ. "ಗೋ" ಅಂದಕೂಡ್ಲೆ ಹೊರಗ ಹಾಕಿದಂಗ. ದೂರದ ಪ್ರಯಾಣಕ್ಕ "ಹ್ಯಾವ್ ಅ ಸೇಫ್ ಜರ್ನಿ", ಓಣ್ಯಾಗಿನವರಿಗೆ "ಟೇಕ್ ಕೇರ್, ಕಮ್ ಅಗೇನ್ ಸೂನ್". ಮೊಮ್ಮಕ್ಕಳು ವಿಮಾನಕ್ಕ ಹೊಂಟಾಗ ನಮ್ಮ ಅಕ್ಕ "ಹರಿ ಬ್ಯಾಕ್" ಅಂತಾಳ, ಲಗೂ ಬಾ ಅಂತ. ನನಗ ಅದು ಎಲ್ಲಾದರಕಿಂತ ನಮ್ಮ ಮಾತಿಗೆ ಹತ್ರ ಅನಸ್ತದ, ಹೊಂಟವರ ಬೆನ್ನಿಗೆ ಕೈ ಇಟ್ಟಂಗ. ಸತ್ತವರ ಮನ್ಯಾಗ ಮಾತ್ರ ಅವರು ನಮ್ಮಂಗ ಮೂಕ ಏಳೂದಿಲ್ಲ. "ಐ ಆಮ್ ಸೋ ಸಾರಿ" ಅಂತ ಕೈ ಹಿಡದು ಏಳ್ತಾರ. ಅಲ್ಲಿ ಸುಮ್ಮನ ಎದ್ದು ಬಂದ್ರ ಇವರಿಗೆ ಮನಸ್ಸೇ ಇಲ್ಲ ಅಂತ ತಿಳೀತಾರ, ಅದು ನೆನಪಿಡ್ರಿ.

ಈಗ ಅವ್ವನ ಮಾತು. ಎರಡು ದಿನಾ ಚೀಟಿ ಮ್ಯಾಲೆ ಬರದು ಬರದು ಹರದೆ.

"ಗುಡ್ ಬೈ" ಅಂತ ಇಡೋಣು ಅಂದ್ರ ಅದು ಸುಳ್ಳು. ಅವ್ವ ಕಡೀ ಮಾತು ಅಂತ ಆಡಿರಲಿಲ್ಲ, ಸಿನೆಮಾದಾಗಿನ ಹಂಗ ಕೈ ಬೀಸಿರಲಿಲ್ಲ. "ಐ ವಿಲ್ ಬಿ ಬ್ಯಾಕ್" ಅಂದ್ರ ಪ್ರಮಾಣ ಮಾಡಿದಂಗ ಆಗ್ತದ. ಬರದ ಹೋದಾಕಿನ್ನ ಮಾತಿಗೆ ತಪ್ಪಿದಾಕಿನ್ನ ಮಾಡಿದಂಗ. ಮ್ಯಾಲಾಗಿ ಅದು ಶ್ವಾರ್ಜ್‌ನೆಗರ್ ಮಾತಂತ, ಹುಡುಗೂರು ನಗ್ತಾವಂತ, ನಮ್ಮ ಹುಡುಗಿನೇ ಹೇಳಿದ್ಲು. "ಸೀ ಯು ಸೂನ್" ಬಸ್ ಸ್ಟ್ಯಾಂಡಿನ ಮಾತು.

ಕಡೀಗೆ ಹೊಳದದ್ದು ಎರಡು. ಅವ್ವ "ಬರ್ತೇನಿ" ಅಂದಿರಲಿಲ್ಲ, "ಬರ್ಲೇನು" ಅಂದಿದ್ಲು. ಕೇಳಿದ್ಲು. ಐವತ್ತು ವರ್ಷ ಮನಿ ಹೊಸ್ತಿಲಾ ದಾಟೂ ಮುಂದೆಲ್ಲಾ ಯಾರನ್ನರ ಕೇಳಿದಂಗ ಅವತ್ತೂ ಕೇಳಿದ್ಲು. ಅದಕ್ಕ ಇಂಗ್ಲಿಷಿನ್ಯಾಗ ಆ ಪ್ರಶ್ನಾ ಉಳೀಬೇಕು. ಎರಡನೇದು, ಬರೂದು ಅಂದ್ರ ಎಲ್ಲಿಗೆ? ಕನ್ನಡದಾಗ ಈ "ಬರು" ಕೇಳೂವರು ಇದ್ದಲ್ಲಿಗೆ. ನಾ ನಿಂತಿದ್ದೆ ಅಲ್ಲಾ, ಆ ಬಾಗಲದ ಹೊರಗ, ಅಲ್ಲಿಗೆ. ಅಂದ್ರ ಆ ಮಾತಿನ್ಯಾಗ ಅಕಿ ಬರೂದು ಎಷ್ಟದನೋ ನಾ ಅಲ್ಲೇ ಇರೂದೂ ಅಷ್ಟೇ ಅದ. ಅವ್ವನ ಮಾತಿನೊಳಗ ಇಂಗ್ಲಿಷಿಗೆ ಹಿಡೀದ ಆ ಅರ್ಧಾ, ನನ್ನ ಉತ್ತರದಾಗ ಹಾಕಿದ್ರ ಹಿಡೀತದ.

ಹಿಂಗ ಬರದು ಕಳಿಸಿದೆ. ಅವ್ವ: "ಐ ಆಮ್ ಗೋಯಿಂಗ್ ಇನ್ ನೌ, ಆಲ್ ರೈಟ್?" ನಾನು: "ಗೋ ಆನ್, ಅವ್ವಾ. ಐ ವಿಲ್ ಬಿ ರೈಟ್ ಹಿಯರ್."

ಇದರಾಗ ಹೋಗಿ ಬರೂ ಪದಾನೇ ಇಲ್ಲ, ನೋಡ್ರಿ. ಹುಡುಗಿ ಓದಿ, ಅವ್ವಾ ಅನ್ನೂದನ್ನ ಮದರ್ ಅಂತ ಮಾಡ್ಲೇನು ಅಂತ ಕೇಳಿದ್ಲು. ಅದು ಬ್ಯಾಡ, ಹಂಗ ಇರ್ಲಿ ಅಂದೆ. ಫೋಟೋದ ಕೆಳಗ ಆ ಎರಡು ಸಾಲು ಹಾಕ್ಯಾಳ. ಅವ್ವನ ಮಾತು ಮಾತ್ರ ಕನ್ನಡ ಅಕ್ಷರದಾಗೂ ಇರ್ಲಿ ಅಂತ ನನ್ನ ಕಡಿಂದ ಬರಸಿಕೊಂಡ್ಲು. ಪೆನ್ನಿಲೆ ಬರದು ಫೋಟೋ ತಗದು ಕಳಿಸಿದೆ. ಫೋನ್ ಇಡೂ ಮುಂದ, ಹುಟ್ಟಿದಾಗಿಂದ ಬೈ ಮೌಶಿ ಅಂತಿದ್ದ ಹುಡುಗಿ ತಡವರಿಸಿಕೋತ "ಬರ್ಲೇನು ಮೌಶಿ" ಅಂದ್ಲು.